ಹೊಸ ಯಂತ್ರ ಬಂತು, ಪಾಲಿಸಿಗೆ ಸೇರಿತೇ?

2022ರ ಆಯುಧಪೂಜೆ ಅಕ್ಟೋಬರ್ 4ಕ್ಕೆ ಬಿತ್ತು. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ನಮ್ಮ ಮಷೀನ್ ಶಾಪಿನಲ್ಲಿ ಕನ್ನಡಿಗರು ನಾವು ಐದು ಮಂದಿ. ಪ್ರತಿ ವರ್ಷದಂತೆ ಆ ಸಂಜೆಯೂ ಲೇತು, ಮಿಲ್ಲಿಂಗ್, ಡ್ರಿಲ್ಲಿಂಗ್, ಕಂಪ್ರೆಸರ್ ಎಲ್ಲವನ್ನೂ ಒರೆಸಿ, ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಒಂದು ತೆಂಗಿನಕಾಯಿ ಒಡೆದೆವು. ಹೊಸದಾಗಿ ಬಂದಿದ್ದ ಸಿಎನ್‌ಸಿ ಲೇತಿಗೆ ಮಲ್ಲಿಗೆ ಮಾಲೆಯೂ ಬಿತ್ತು. ಪಾಲು ಹಂಚುವಾಗ ಯಾರನ್ನೂ ಬಿಟ್ಟಿಲ್ಲ ಎಂದು ಫೋರ್ಮನ್ ಅಣ್ಣ ಯಂತ್ರಗಳನ್ನು ಬೆರಳಲ್ಲಿ ಎಣಿಸಿದರು: ಒಂಬತ್ತು. ಆ ದಿನ ಕಂಪನಿಯ ಮಷಿನರಿ ಬ್ರೇಕ್‌ಡೌನ್ ಪಾಲಿಸಿಯ ಪಟ್ಟಿಯಲ್ಲಿ ಇದ್ದದ್ದು ಎಂಟು. ಒಂಬತ್ತನೆಯದು ಶಾಪಿನಲ್ಲಿ ಓಡುತ್ತಿತ್ತು, ಜಾಬ್ ಮಾಡುತ್ತಿತ್ತು, ಪೂಜೆಯನ್ನೂ ಪಡೆಯಿತು. ಇನ್ಶೂರೆನ್ಸ್ ಕಂಪನಿಯ ಮಟ್ಟಿಗೆ ಮಾತ್ರ ಅದು ಹುಟ್ಟಿಯೇ ಇರಲಿಲ್ಲ.

ಈ ಒಂದು ಸಂಗತಿಯ ಬಗ್ಗೆ ನಮಗೆ ಈಗ ಗಟ್ಟಿಯಾದ ಅಭಿಪ್ರಾಯವಿದೆ. ಹೊಸ ಯಂತ್ರವನ್ನು ಇರುವ ಪಾಲಿಸಿಗೆ ಸೇರಿಸಿ ಎಂದು ಕೇಳುವ ಪತ್ರ ಅಕೌಂಟ್ಸ್ ವಿಭಾಗದ ಕಾಗದಪತ್ರವೆಂದು ನಾವೆಲ್ಲ ತಿಳಿದಿದ್ದೆವು. ಅದು ನಿಜಕ್ಕೂ ಶಾಪಿನಿಂದ ಹೊರಡಬೇಕಾದ ಪತ್ರ. ಯಂತ್ರದ ಪಕ್ಕದಲ್ಲಿ ನಿಲ್ಲುವವರೇ ಅದರ ಅರ್ಧ ಮಾಹಿತಿ ಕೊಡಬೇಕು, ಅದು ಹೋಯಿತೇ ಎಂದು ಕೇಳುವ ಹಕ್ಕೂ ಅವರಿಗೆ ಇರಬೇಕು. ಏಕೆಂದರೆ ಯಂತ್ರ ಮುರಿದ ರಾತ್ರಿ ಅದರ ಮುಂದೆ ನಿಂತಿರುವವರು ನಾವು, ಅಕೌಂಟ್ಸಿನವರಲ್ಲ. ಈ ಸಂಚಿಕೆ ಓದುವವರಲ್ಲಿ ವರ್ಕ್‌ಶಾಪು, ಲಾಂಡ್ರಿ, ಪ್ರಿಂಟಿಂಗ್ ಪ್ರೆಸ್, ಜಾಯ್ನರಿ, ಬೇಕರಿ ಎಂದು ಯಂತ್ರಗಳ ನಡುವೆ ದಿನ ಕಳೆಯುವವರೇ ಹೆಚ್ಚು. ಹಾಗಾಗಿ ನಮಗೆ ಆದದ್ದನ್ನು ಆದ ಹಾಗೆಯೇ ಬರೆಯುತ್ತೇವೆ. ತಪ್ಪು ಬೇರೆ ಯಾರದ್ದೂ ಅಲ್ಲ, ನಮ್ಮದೇ.

ಆ ಲೇತು ಆಗಸ್ಟ್ ಮಧ್ಯದಲ್ಲಿ ಬಂತು. ಮಾರಾಟಗಾರರ ಶೋರೂಮಿನಲ್ಲಿ ಡೆಮೋಗೆಂದು ಇಟ್ಟಿದ್ದ ಯಂತ್ರ. ಹೆಚ್ಚು ಓಡಿರಲಿಲ್ಲ, ಆದರೆ ಡೆಮೋ ಯಂತ್ರವೆಂಬ ಕಾರಣಕ್ಕೆ ಒಳ್ಳೆಯ ರಿಯಾಯಿತಿ ಸಿಕ್ಕಿತು. ವ್ಯಾಟ್ ಬಿಟ್ಟು ಇನ್ವಾಯ್ಸ್ 1,80,000 ದಿರ್ಹಾಮ್. ಫೌಂಡೇಶನ್ ಬೋಲ್ಟು, ಕೇಬಲ್, ಲೆವೆಲಿಂಗ್ ಎಲ್ಲ ಮುಗಿದು, ಇಂಜಿನಿಯರ್ ಬಂದು ಟ್ರಯಲ್ ಪೀಸ್ ತೆಗೆದು ಅಳತೆ ನೋಡಿ, ಕಮಿಷನಿಂಗ್ ರಿಪೋರ್ಟಿಗೆ ಸಹಿ ಬಿದ್ದದ್ದು ಸೆಪ್ಟೆಂಬರ್ 1ಕ್ಕೆ. ಮರುದಿನದಿಂದಲೇ ಎರಡು ಶಿಫ್ಟ್ ಶುರು.

ನಮ್ಮ ಅಕೌಂಟೆಂಟ್ ಕುಂದಾಪುರದವರು, ಕೆಲಸದಲ್ಲಿ ಬಹಳ ಶಿಸ್ತು. ಅವರು ಸೆಪ್ಟೆಂಬರ್ 20ಕ್ಕೆ ಇನ್ವಾಯ್ಸ್ ಲಗತ್ತಿಸಿ, ಈ ಯಂತ್ರವನ್ನು ಪಾಲಿಸಿಗೆ ಸೇರಿಸಿ ಎಂದು ಬ್ರೋಕರಿಗೆ ಎರಡು ಸಾಲಿನ ಮೇಲ್ ಕಳಿಸಿದರು. ಎರಡೇ ದಿನದಲ್ಲಿ ಉತ್ತರ ಬಂತು. ಸೀರಿಯಲ್ ನಂಬರ್, ತಯಾರಾದ ವರ್ಷ, ಕಮಿಷನಿಂಗ್ ದಿನಾಂಕ, ಇವತ್ತು ಹೊಸದಾಗಿ ತಂದು ಕೂರಿಸಿದರೆ ಬೀಳುವ ಬೆಲೆ, ಇಷ್ಟನ್ನು ತಿಳಿಸಿ ಎಂದು ಕೇಳಿದ್ದರು. ಆ ಹೊತ್ತಿಗೆ ಅಕೌಂಟೆಂಟ್ ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಊರಿಗೆ ಹೋಗಿದ್ದರು. ಮೇಲ್ ಅವರ ಇನ್‌ಬಾಕ್ಸಿನಲ್ಲಿ ಮಲಗಿತು. ವಾಪಸು ಬಂದು ಅಕ್ಟೋಬರ್ 5ಕ್ಕೆ ಉತ್ತರ ಕೊಟ್ಟರು. ಬೆಲೆಯ ಜಾಗದಲ್ಲಿ ಕೈಯಲ್ಲಿದ್ದ ಒಂದೇ ಅಂಕಿ ಬರೆದರು: 1,80,000. ಎಂಡಾರ್ಸ್‌ಮೆಂಟ್ ಬಂತು, ಅಕ್ಟೋಬರ್ 6ರಿಂದ ಜಾರಿ. ಎಲ್ಲರೂ ನಿರಾಳವಾದೆವು.

ಇಲ್ಲಿ ಸ್ವಲ್ಪ ನಿಂತು ಎಂಡಾರ್ಸ್‌ಮೆಂಟ್ ಎಂದರೆ ಏನು ಎಂದು ಹೇಳಬೇಕು. ಅದರ ಅರ್ಥ ನಮಗೂ ಅಲ್ಲಿಯವರೆಗೆ ಸರಿಯಾಗಿ ಗೊತ್ತಿರಲಿಲ್ಲ. ಬೆಂಕಿಯ ಪಾಲಿಸಿಯಲ್ಲಿ ಕಟ್ಟಡದೊಳಗಿನ ಸಾಮಾನನ್ನೆಲ್ಲ ಸೇರಿಸಿ ಒಟ್ಟು ಇಷ್ಟು ಮೊತ್ತ ಎಂದು ಬರೆಯುವುದುಂಟು. ಮಷಿನರಿ ಬ್ರೇಕ್‌ಡೌನ್ ಪಾಲಿಸಿ ಹಾಗಲ್ಲ. ಅದಕ್ಕೊಂದು ಷೆಡ್ಯೂಲ್ ಅಂಟಿಕೊಂಡಿರುತ್ತದೆ. ಪ್ರತಿ ಯಂತ್ರಕ್ಕೂ ಒಂದು ಸಾಲು, ಹೆಸರು, ಮಾಡೆಲ್, ಸೀರಿಯಲ್ ನಂಬರ್, ವರ್ಷ, ಅದರದೇ ವಿಮಾ ಮೊತ್ತ. ರೇಶನ್ ಕಾರ್ಡಿನ ಹಾಗೆ, ಮನೆಯಲ್ಲಿ ಇದ್ದರೆ ಸಾಲದು, ಕಾರ್ಡಿನಲ್ಲಿ ಹೆಸರಿರಬೇಕು. ವರ್ಷದ ನಡುವೆ ಆ ಪಟ್ಟಿಗೆ ಒಂದು ಸಾಲು ಸೇರಿಸಲು ಇನ್ಶೂರೆನ್ಸ್ ಕಂಪನಿ ಒಪ್ಪಿ, ಉಳಿದ ದಿನಗಳ ಪ್ರೀಮಿಯಂ ಲೆಕ್ಕ ಹಾಕಿ ಕೊಡುವ ತಿದ್ದುಪಡಿ ಪತ್ರವೇ ಎಂಡಾರ್ಸ್‌ಮೆಂಟ್. ಹೊಸ ಆಸ್ತಿ ತನ್ನಷ್ಟಕ್ಕೇ ಕೆಲವು ದಿನ ಸೇರಿಕೊಳ್ಳುವ ಕ್ಲಾಸ್ ಕೆಲವು ಪಾಲಿಸಿಗಳಲ್ಲಿ ಇರುತ್ತದೆ. ಅದಕ್ಕೂ ಮೊತ್ತದ ಮಿತಿ ಮತ್ತು ಇಂತಿಷ್ಟು ದಿನದೊಳಗೆ ತಿಳಿಸಬೇಕೆಂಬ ಷರತ್ತು ಕಟ್ಟಿಯೇ ಇರುತ್ತದೆ. ನಮ್ಮ ಪಾಲಿಸಿಯಲ್ಲಿ ಆ ಕ್ಲಾಸ್ ಇರಲೇ ಇಲ್ಲ.

ಅಂದರೆ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 5ರವರೆಗೆ, 35 ದಿನ, ಎರಡು ಶಿಫ್ಟಿನಲ್ಲಿ ಓಡಿದ ನಮ್ಮ ಅತ್ಯಂತ ದುಬಾರಿ ಯಂತ್ರಕ್ಕೆ ಯಾವ ರಕ್ಷಣೆಯೂ ಇರಲಿಲ್ಲ. ಆ 35 ದಿನಗಳಲ್ಲಿ ಏನೂ ಆಗಲಿಲ್ಲ, ಅದು ನಮ್ಮ ಪುಣ್ಯ. ಆದದ್ದು ನವೆಂಬರ್ 14ರ ರಾತ್ರಿ.

ಆಪರೇಟರ್ ಗೋಕಾಕದ ಕಡೆಯ ಹುಡುಗ, ಬಂದು ಒಂದೂವರೆ ವರ್ಷವಾಗಿತ್ತು. ಇನ್ಸರ್ಟ್ ಬದಲಿಸಿದ ಮೇಲೆ ವ್ಯಾಸ ಸ್ವಲ್ಪ ಕಡಿಮೆ ಬರುತ್ತಿದೆ ಎಂದು ಆಫ್‌ಸೆಟ್ಟಿಗೆ 0.2 ಮಿ.ಮೀ. ಕೂಡಿಸಲು ಹೋದ. ನಮ್ಮ ಕಂಟ್ರೋಲರ್ ಪರದೆಯ ಕೆಳಗೆ ಅಕ್ಕಪಕ್ಕ ಎರಡು ಕೀಗಳಿವೆ. `+INPUT` ಒತ್ತಿದರೆ ಇರುವ ಅಂಕಿಗೆ 0.2 ಸೇರುತ್ತದೆ. `INPUT` ಒತ್ತಿದರೆ ಇರುವ ಅಂಕಿಯೇ ಅಳಿಸಿಹೋಗಿ ಬರೀ 0.2 ಉಳಿಯುತ್ತದೆ. ಅವನು `INPUT` ಒತ್ತಿದ. ಟೂಲ್ ಎಲ್ಲಿದೆಯೆಂದು ಯಂತ್ರಕ್ಕೆ ಗೊತ್ತಿರುವುದು ಆ ಅಂಕಿಯಿಂದಲೇ. ಸೈಕಲ್ ಸ್ಟಾರ್ಟ್ ಕೊಟ್ಟ ಕೂಡಲೇ ಟರೆಟ್ ಪೂರ್ತಿ ವೇಗದಲ್ಲಿ ಹೋಗಿ ತಿರುಗುತ್ತಿದ್ದ ಚಕ್ಕಿಗೆ ಬಡಿಯಿತು. ಆ ಶಬ್ದ ಎದುರಿನ ಗ್ಯಾರೇಜಿನವರಿಗೂ ಕೇಳಿತಂತೆ. ಹುಡುಗನಿಗೆ ಏನೂ ಆಗಲಿಲ್ಲ, ಬಾಗಿಲು ಮುಚ್ಚಿತ್ತು. ಸ್ಪಿಂಡಲ್ ಬೇರಿಂಗ್ ಹೋಯಿತು, ಟರೆಟ್ ಅಲೈನ್‌ಮೆಂಟ್ ತಪ್ಪಿತು.

ಫೋರ್ಮನ್ ಅಣ್ಣ ರೂಮಿನಿಂದ ಓಡಿ ಬಂದಾಗ ಹುಡುಗ ಯಂತ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. "ಅಣ್ಣಾರ, ಕರೆಂಟ್ ಹೋಗಿ ಬಂತು ಅಂತ ಹೇಳಲೇನ್ರಿ?" ಎಂದು ಕೇಳಿದ. ಅವನ ತಲೆಯಲ್ಲಿ ಓಡುತ್ತಿದ್ದದ್ದು ಸಂಬಳ, ವೀಸಾ, ಊರಲ್ಲಿ ತಂಗಿಯ ಮದುವೆಗೆ ಎತ್ತಿದ ಸಾಲ. ಅಣ್ಣ ಹೇಳಿದ ಮಾತು ನಮಗೆಲ್ಲ ನೆನಪಿದೆ: "ಇಲ್ಲ ಮಾರಾಯ, ಇದ್ದದ್ದನ್ನು ಇದ್ದ ಹಾಗೆ ಬರೆ. ಪರದೆಯಲ್ಲಿ ಅಲಾರ್ಮ್ ಹಿಸ್ಟರಿ ಇದೆ, ಸುಳ್ಳು ಅರ್ಧ ಗಂಟೆ ನಿಲ್ಲುವುದಿಲ್ಲ."

ಅಣ್ಣ ಹೇಳಿದ್ದು ಬರೀ ನೀತಿಯ ಮಾತಲ್ಲ. ಮಷಿನರಿ ಬ್ರೇಕ್‌ಡೌನ್ ಪಾಲಿಸಿಯಲ್ಲಿ ಕೆಲಸಗಾರರು ತಿಳಿಯಬೇಕಾದ ಮುಖ್ಯ ಸಂಗತಿ ಇದೇ. ಹಠಾತ್ತಾಗಿ, ನಿರೀಕ್ಷಿಸದೆ ಆದ ಯಾಂತ್ರಿಕ ಅಥವಾ ವಿದ್ಯುತ್ ಹಾನಿಯನ್ನು ಅದು ಭರಿಸುತ್ತದೆ. ಆಪರೇಟರನ ಕೈತಪ್ಪು, ಅನುಭವದ ಕೊರತೆ, ಅಜಾಗರೂಕತೆ ಸಾಮಾನ್ಯವಾಗಿ ಆ ಕಾರಣಗಳ ಒಳಗೇ ಬರುತ್ತವೆ. ಹೊರಗಿಟ್ಟಿರುವುದು ಸವೆತ, ತುಕ್ಕು, ಮೊದಲೇ ಗೊತ್ತಿದ್ದ ದೋಷ, ಮಾಲೀಕರು ಬೇಕೆಂದೇ ಮಾಡಿದ ಅಥವಾ ಮಾಡಿಸಿದ ಹಾನಿ ಮುಂತಾದವು. ಹೀಗಾಗಿ "ನಾನು ತಪ್ಪು ಕೀ ಒತ್ತಿದೆ" ಎಂಬ ಪ್ರಾಮಾಣಿಕ ಹೇಳಿಕೆ ಕ್ಲೇಮಿಗೆ ತೊಡಕಾಗುವುದಿಲ್ಲ. "ಕರೆಂಟ್ ಹೋಗಿ ಬಂತು" ಎಂಬ ಸುಳ್ಳು ಸಿಕ್ಕಿಬಿದ್ದರೆ ಇಡೀ ಕ್ಲೇಮೇ ಮುಳುಗಬಹುದು. ಯಂತ್ರ ಪಟ್ಟಿಯಲ್ಲಿದ್ದರೆ ನಮ್ಮ ಕೈತಪ್ಪಿನ ಬಹುಪಾಲು ಹೊರೆ ಇನ್ಶೂರೆನ್ಸ್ ಕಂಪನಿಯ ಮೇಲೆ ಬೀಳುತ್ತದೆ. ಇಲ್ಲದಿದ್ದರೆ ಧಣಿ ಮೊದಲು ನೋಡುವುದು ಯಾರ ಮುಖ ಎಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ದಿನ ಬಿಟ್ಟು ಸರ್ವೇಯರ್ ಬಂದರು. ಫೋಟೋ ತೆಗೆದರು, ಹುಡುಗನ ಹೇಳಿಕೆ ಬರೆಸಿಕೊಂಡರು, ಕಮಿಷನಿಂಗ್ ರಿಪೋರ್ಟ್, ಮೇಂಟೆನೆನ್ಸ್ ರೆಕಾರ್ಡ್, ರಿಪೇರಿಯ ಕೊಟೇಶನ್ ಕೇಳಿದರು. ಎಲ್ಲ ಸರಿಯಿತ್ತು. ಹೋಗುವ ಮೊದಲು ಒಂದು ಕಾಗದ ಹೆಚ್ಚಿಗೆ ಕೇಳಿದರು: ಇದೇ ಮಾಡೆಲ್ ಇವತ್ತು ಹೊಸದಾಗಿ ತರಿಸಿ ಕೂರಿಸಿದರೆ ಎಷ್ಟಾಗುತ್ತದೆ ಎಂಬ ಕೊಟೇಶನ್. ಮಾರಾಟಗಾರರಿಂದ ತರಿಸಿ ಕೊಟ್ಟೆವು. ಅದು ಏಕೆಂದು ಆಗ ನಮಗೆ ಹೊಳೆಯಲಿಲ್ಲ.

ಹೊಳೆದದ್ದು ಸೆಟ್ಲ್‌ಮೆಂಟ್ ಲೆಕ್ಕ ಬಂದಾಗ. ಜೆಬೆಲ್ ಅಲಿ ಬಂದರು ಮುಟ್ಟುವವರೆಗಿನ ಹೊಸ ಯಂತ್ರದ ಬೆಲೆ 2,05,000. ಕಸ್ಟಮ್ಸ್ ಸುಂಕ ಶೇಕಡ 5, ಅಂದರೆ 10,250. ಕ್ಲಿಯರಿಂಗ್, ಟ್ರೇಲರ್, ಕ್ರೇನ್ ಸೇರಿ 9,750. ಫೌಂಡೇಶನ್, ಕೇಬಲ್, ಕಮಿಷನಿಂಗ್ 15,000. ಒಟ್ಟು 2,40,000 ದಿರ್ಹಾಮ್. ಪಾಲಿಸಿ ಕೇಳುವ ವಿಮಾ ಮೊತ್ತ ಇದೇ. ನಾವು ಎಷ್ಟು ಕೊಟ್ಟು ಕೊಂಡೆವು ಎಂಬುದಲ್ಲ, ಅದೇ ಬಗೆಯ, ಅದೇ ಸಾಮರ್ಥ್ಯದ ಹೊಸ ಯಂತ್ರ ನಮ್ಮ ನೆಲದ ಮೇಲೆ ಕೂತು ಓಡುವವರೆಗೆ ತಗಲುವ ಒಟ್ಟು ಖರ್ಚು. ನಾವು ತೋರಿಸಿದ್ದು 1,80,000, ಅದರ ಮುಕ್ಕಾಲು ಪಾಲು. ಮುಕ್ಕಾಲು ಮೌಲ್ಯಕ್ಕೆ ವಿಮೆ ಮಾಡಿದವರಿಗೆ ಮುಕ್ಕಾಲು ನಷ್ಟವನ್ನೇ ಕೊಡುವುದು ಪಾಲಿಸಿಯ ಆವರೇಜ್ ನಿಯಮ.

ರಿಪೇರಿ ಬಿಲ್ 42,500 ಆಗಿತ್ತು. ಅದರಲ್ಲಿ 2,500 ಟೂಲ್ ಹೋಲ್ಡರ್ ಮತ್ತು ಇನ್ಸರ್ಟಿನದು. ಬದಲಾಯಿಸುತ್ತಲೇ ಇರುವ ಟೂಲುಗಳು ಪಾಲಿಸಿಯ ಹೊರಗೆ, ಅದು ಹೋಯಿತು. ಉಳಿದದ್ದು 40,000, ಅದರ ಮುಕ್ಕಾಲು 30,000. ಪ್ರತಿ ಕ್ಲೇಮಿನಲ್ಲೂ ಮೊದಲ 5,000 ನಾವೇ ಹೊರಬೇಕೆಂಬ ಷರತ್ತು ಇತ್ತು. ಕೈಗೆ ಬಂದದ್ದು 25,000. ಸರಿಯಾದ ಮೌಲ್ಯ ಬರೆದಿದ್ದರೆ 35,000 ಬರುತ್ತಿತ್ತು.

ಈ ಹತ್ತು ಸಾವಿರ ಉಳಿಸಲು ನಾವು ಎಷ್ಟು ಹೆಚ್ಚು ಕೊಡಬೇಕಿತ್ತು ಎಂದು ಆಮೇಲೆ ಕೂತು ಲೆಕ್ಕ ಹಾಕಿದೆವು. ನಮ್ಮ ದರ ವರ್ಷಕ್ಕೆ ಶೇಕಡ 0.8. ಬಿಟ್ಟುಹೋದ 60,000 ಮೌಲ್ಯಕ್ಕೆ ವರ್ಷಕ್ಕೆ 480 ದಿರ್ಹಾಮ್. ಪಾಲಿಸಿ ಡಿಸೆಂಬರ್ 31ಕ್ಕೆ ಮುಗಿಯುವುದರಿಂದ ಅಕ್ಟೋಬರ್ 6ರಿಂದ ಉಳಿದದ್ದು 87 ದಿನ. ಅಷ್ಟಕ್ಕೆ ವ್ಯಾಟ್ ಬಿಟ್ಟು 114 ದಿರ್ಹಾಮ್. ಮೊದಲ 35 ದಿನಗಳನ್ನೂ ಸೇರಿಸಿ ಪೂರ್ತಿ ಮೌಲ್ಯಕ್ಕೆ ರಕ್ಷಣೆ ತೆಗೆದುಕೊಂಡಿದ್ದರೆ ಆ ದಿನಗಳಿಗೆ ಇನ್ನೊಂದು 184. ಧಣಿ ಅದನ್ನು ಕೊಡಲು ಹಿಂದೆಮುಂದೆ ನೋಡುತ್ತಿರಲಿಲ್ಲ. ಅವರನ್ನು ಕೇಳಿದವರೇ ಇಲ್ಲ.

ಧಣಿ ಒಂದು ಪ್ರಶ್ನೆ ಕೇಳಿದರು, ನ್ಯಾಯವಾದ ಪ್ರಶ್ನೆ. ನಾನು 1,80,000 ಕೊಟ್ಟು ತಂದದ್ದಕ್ಕೆ 2,40,000 ಎಂದು ಬರೆಯುವುದು ಸುಳ್ಳಲ್ಲವೇ? ಯಂತ್ರ ಪೂರ್ತಿ ಹೋದರೆ ನನಗೆ 2,40,000 ಕೊಡುತ್ತಾರೆಯೇ? ಇಲ್ಲ, ಕೊಡುವುದಿಲ್ಲ. ಪೂರ್ತಿ ನಾಶವಾದರೆ ಆ ಹೊತ್ತಿಗೆ ಸವಕಳಿ ಕಳೆದು ಯಂತ್ರಕ್ಕೆ ಎಷ್ಟು ಬೆಲೆಯೋ ಅಷ್ಟೇ. ಹಾಗಾದರೆ ಹೊಸ ಬೆಲೆಗೆ ಪ್ರೀಮಿಯಂ ಏಕೆ? ಬ್ರೇಕ್‌ಡೌನಿನಲ್ಲಿ ಯಂತ್ರ ಪೂರ್ತಿ ಹೋಗುವುದು ಅಪರೂಪ, ಹೋಗುವುದು ಒಂದು ಭಾಗ. ಆ ಭಾಗಕ್ಕೆ ಹಾಕುವುದು ಹೊಸ ಬೇರಿಂಗ್, ಹೊಸ ಮೋಟಾರ್, ಹೊಸ ಕಾರ್ಡ್. ಸಾಮಾನ್ಯವಾಗಿ ಅದರ ಬೆಲೆಯನ್ನು ಸವಕಳಿ ಕಳೆಯದೆ ಕೊಡುತ್ತಾರೆ. ಹೊಸ ಬಿಡಿಭಾಗದ ಬೆಲೆ ಬೇಕಾದರೆ ಹೊಸ ಯಂತ್ರದ ಲೆಕ್ಕದಲ್ಲೇ ಪ್ರೀಮಿಯಂ ಕಟ್ಟಬೇಕು, ಅಷ್ಟೇ ತರ್ಕ. ಹಾಗಾಗಿ ಸೆಕೆಂಡ್ ಹ್ಯಾಂಡ್ ಯಂತ್ರ ತಂದವರಿಗೆ ಈ ಅಪಾಯ ನಮಗಿಂತ ಹೆಚ್ಚು. ಶಾರ್ಜಾದ ಹಳೆ ಯಂತ್ರಗಳ ಅಂಗಡಿಯಿಂದ ಅರ್ಧ ಬೆಲೆಗೆ ತಂದು ಅರ್ಧ ಬೆಲೆಯನ್ನೇ ಬರೆದರೆ ಪ್ರತಿ ರಿಪೇರಿಯಲ್ಲೂ ಅರ್ಧ ಮಾತ್ರ ಸಿಗುತ್ತದೆ.

ಇನ್ನೊಂದು ಮಾತನ್ನು ನಮ್ಮ ಶಾಪಿನಲ್ಲೂ ಆಡಿದ್ದರು, ಬೇರೆ ಕಡೆಯೂ ಕೇಳುತ್ತೇವೆ: "ಒಂದು ವರ್ಷ ವಾರಂಟಿ ಇದೆಯಲ್ಲ, ಅವಸರವೇನು?" ಅಕೌಂಟೆಂಟರ ಮೇಲ್ ಇಪ್ಪತ್ತು ದಿನ ತಡವಾಗಲು ಈ ನಂಬಿಕೆಯೂ ಒಂದು ಕಾರಣ. ವಾರಂಟಿ ನೋಡುವುದು ತಯಾರಕರ ದೋಷವನ್ನು. ತಪ್ಪು ಕೀ ಒತ್ತಿ ಟರೆಟ್ ಬಡಿದದ್ದಕ್ಕೆ ಮಾರಾಟಗಾರರ ಇಂಜಿನಿಯರ್ ಬಂದು ನೋಡಿ, ಇದು ನಮ್ಮ ಜವಾಬ್ದಾರಿಯಲ್ಲ ಎಂದು ಬರೆದು ಹೋದರು, ಸರಿಯಾಗಿಯೇ ಬರೆದರು. ಅತ್ತ ತಯಾರಕರು ವಾರಂಟಿಯಲ್ಲಿ ಹೊರಬೇಕಾದ ದೋಷವನ್ನು ಪಾಲಿಸಿ ಹೊರುವುದಿಲ್ಲ. ಒಂದರ ಗಡಿ ಮುಗಿಯುವಲ್ಲಿ ಇನ್ನೊಂದರ ಗಡಿ ಶುರು. ಹೊಸ ಯಂತ್ರದ ಮೊದಲ ತಿಂಗಳುಗಳಲ್ಲಿ ಆಪರೇಟರನ ಕೈ ಇನ್ನೂ ಪಳಗಿರುವುದಿಲ್ಲ. ಕೈತಪ್ಪು ಹೆಚ್ಚಾಗುವುದು ಆಗಲೇ.

ಎಷ್ಟು ಬೇಗ ಕೇಳಬೇಕು? ಯಂತ್ರ ಟ್ರೇಲರಿನಿಂದ ಇಳಿದ ದಿನ ಈ ಪಾಲಿಸಿ ಅದನ್ನು ಮುಟ್ಟುವುದಿಲ್ಲ. ಇದರ ರಕ್ಷಣೆ ಶುರುವಾಗುವುದು ಟೆಸ್ಟ್ ಮುಗಿದು, ಯಂತ್ರ ಸರಿಯಾಗಿ ಓಡಿ ತೋರಿಸಿದ ಮೇಲೆ. ಅದಕ್ಕಿಂತ ಮುಂಚೆ ಕ್ರೇನಿನಿಂದ ಜಾರಿದರೆ, ಕೂರಿಸುವಾಗ ಮುರಿದರೆ, ಅದು ಸಾಗಾಣಿಕೆಯ ಮತ್ತು ಇರೆಕ್ಷನ್ನಿನ ವಿಮೆಗೆ ಸೇರಿದ್ದು. ಕೊಳ್ಳುವಾಗಲೇ ಆ ಜವಾಬ್ದಾರಿ ಮಾರಾಟಗಾರರದ್ದೋ ನಮ್ಮದೋ ಎಂದು ಬರೆಸಿಕೊಳ್ಳಬೇಕು. ಹೀಗಾಗಿ ಪತ್ರವನ್ನು ಒಂದು ವಾರ ಮೊದಲೇ ಬರೆದಿಟ್ಟು, ನಿರೀಕ್ಷಿತ ಕಮಿಷನಿಂಗ್ ದಿನ ಹೇಳಿ, ರಿಪೋರ್ಟಿಗೆ ಸಹಿ ಬಿದ್ದ ಸಂಜೆಯೇ ದಿನಾಂಕ ಖಚಿತಪಡಿಸುವುದು ನಮಗೆ ಒಪ್ಪಿಗೆಯಾದ ಕ್ರಮ. ಆ ದಿನಾಂಕ ಮೊದಲು ಗೊತ್ತಾಗುವುದು ಯಾರಿಗೆ? ಫೋರ್ಮನ್ನಿಗೆ. ಸೀರಿಯಲ್ ನಂಬರ್ ಎಲ್ಲಿದೆ? ಯಂತ್ರದ ಬೆನ್ನಿನ ತಗಡಿನ ಮೇಲೆ. ಇನ್ವಾಯ್ಸ್ ಬಿಟ್ಟು ಅಕೌಂಟೆಂಟರ ಮೇಜಿನ ಮೇಲೆ ಇದಾವುದೂ ಇರುವುದಿಲ್ಲ. ಇನ್ವಾಯ್ಸಿನ ಅಂಕಿಯೇ ನಮ್ಮನ್ನು ಕೆಡಿಸಿದ್ದು.

ಈಗ ನಮ್ಮ ಶಾಪಿನಿಂದ ಹೋಗುವ ಪತ್ರ ಹೆಚ್ಚುಕಡಿಮೆ ಹೀಗಿರುತ್ತದೆ. ಹೋಗುವುದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇವೆ:

"ನಮ್ಮ ಮಷಿನರಿ ಬ್ರೇಕ್‌ಡೌನ್ ಪಾಲಿಸಿ ನಂಬರ್ ಇಂಥದ್ದಕ್ಕೆ ಕೆಳಗಿನ ಯಂತ್ರವನ್ನು ಸೇರಿಸಬೇಕೆಂದು ಕೋರುತ್ತೇವೆ. ಯಂತ್ರದ ಹೆಸರು, ತಯಾರಕರು, ಮಾಡೆಲ್, ಸೀರಿಯಲ್ ನಂಬರ್, ತಯಾರಾದ ವರ್ಷ, ಸಾಮರ್ಥ್ಯ ಇಂತಿವೆ. ಯಂತ್ರ ಇರುವುದು ಪಾಲಿಸಿಯಲ್ಲಿ ನಮೂದಾದ ಇದೇ ಶೆಡ್ಡಿನಲ್ಲಿ. ಕಮಿಷನಿಂಗ್ ಯಶಸ್ವಿಯಾಗಿ ಮುಗಿದದ್ದು ಇಂಥ ದಿನ, ರಿಪೋರ್ಟ್ ಲಗತ್ತಿಸಿದೆ. ಹೊಸದಾಗಿ ತಂದು ಕೂರಿಸುವ ಮೌಲ್ಯ ಇಷ್ಟು. ಯಂತ್ರದ ಬೆಲೆ, ಸುಂಕ, ಸಾಗಣೆ, ಕೂರಿಸುವ ಖರ್ಚು ಬಿಡಿಬಿಡಿಯಾಗಿ ಕೊಟ್ಟಿದೆ. ಕೊಂಡ ಬೆಲೆ ಬೇರೆ ಇದ್ದು, ಇನ್ವಾಯ್ಸ್ ಮಾಹಿತಿಗಾಗಿ ಮಾತ್ರ ಲಗತ್ತಿಸಿದೆ. ಇಂಥ ದಿನದಿಂದ ರಕ್ಷಣೆ ಜಾರಿಯಾಗುವಂತೆ ಎಂಡಾರ್ಸ್‌ಮೆಂಟ್ ಕೊಡಿ. ಅದು ಸಿದ್ಧವಾಗಲು ಸಮಯ ಬೇಕಿದ್ದರೆ, ಈ ದಿನದಿಂದ ರಕ್ಷಣೆ ಇದೆಯೆಂದು ಇನ್ಶೂರೆನ್ಸ್ ಕಂಪನಿಯ ಲಿಖಿತ ಒಪ್ಪಿಗೆಯನ್ನು ಕಳುಹಿಸಿ. ಇದೇ ಯಂತ್ರವನ್ನು ನಮ್ಮ ಬೆಂಕಿ ವಿಮೆಯ ಪಾಲಿಸಿಗೂ ಸೇರಿಸಿ."

ಕೊನೆಯ ವಾಕ್ಯ ಬಹಳ ಮಂದಿಗೆ ಮರೆತುಹೋಗುತ್ತದೆ. ಬ್ರೇಕ್‌ಡೌನ್ ಪಾಲಿಸಿ ಬೆಂಕಿಯನ್ನು ಹೊರುವುದಿಲ್ಲ. ಅಲ್ಲಿನ ಒಟ್ಟು ಮೊತ್ತವನ್ನೂ ಏರಿಸದಿದ್ದರೆ ಬೆಂಕಿ ಬಿದ್ದ ದಿನ ಇದೇ ಮುಕ್ಕಾಲು ಲೆಕ್ಕ ಆ ಪಾಲಿಸಿಯಲ್ಲಿ ಎದುರಾಗುತ್ತದೆ.

ಲಿಖಿತ ಒಪ್ಪಿಗೆಯ ಮಾತಿಗೂ ಕಾರಣವಿದೆ. ಮೇಲಿಗೋ ವಾಟ್ಸಾಪಿಗೋ ಬ್ರೋಕರ್ ಕಡೆಯಿಂದ "ನೋಟೆಡ್" ಎಂದು ಉತ್ತರ ಬಂದರೆ ಕೆಲಸ ಆಯಿತೆಂದು ನಾವು ನಂಬುತ್ತೇವೆ. ಸಾಮಾನ್ಯವಾಗಿ ಬ್ರೋಕರ್ ನಮ್ಮ ಪರವಾಗಿ ಓಡಾಡುವವರು, ಅಪಾಯ ಹೊರುವವರಲ್ಲ. ಹೊರುವ ಕಂಪನಿ ಒಪ್ಪಿದೆಯೇ ಎಂಬುದೊಂದೇ ಲೆಕ್ಕಕ್ಕೆ ಬರುವುದು. "ನೋಟೆಡ್" ಬಂದರೆ "ಒಪ್ಪಿದ ದಿನಾಂಕ ತಿಳಿಸಿ" ಎಂದು ಇನ್ನೊಂದು ಸಾಲು ಹಾಕಲು ಸಂಕೋಚ ಬೇಡ.

ವರ್ಷದ ಕೊನೆಯಲ್ಲಿ ರಿನ್ಯೂವಲ್ ಹೊತ್ತಿಗೆ ಎಲ್ಲ ಒಟ್ಟಿಗೆ ಸೇರಿಸಿದರೆ ಸಾಕು, ಸಣ್ಣ ಕಂಪನಿಗಳಿಗೆ ಇಷ್ಟೆಲ್ಲ ಕಾಗದ ಏಕೆ ಎನ್ನುವ ಗೆಳೆಯರೂ ಇದ್ದಾರೆ. ಕಾಗದದ ಕಿರಿಕಿರಿ ಎಂಬ ಅವರ ಮಾತು ಸುಳ್ಳಲ್ಲ. ಒಂದು ಡ್ರಿಲ್ಲಿಂಗ್ ಯಂತ್ರಕ್ಕೆ ಹಾಗೆ ಕಾದರೆ ನಾವೂ ಜಗಳ ತೆಗೆಯುವುದಿಲ್ಲ. ಅದರ ರಿಪೇರಿ 5,000ದ ಒಳಗೇ ಮುಗಿಯುತ್ತದೆ, ನಮ್ಮ ಷರತ್ತಿನ ಪ್ರಕಾರ ಹೇಗೂ ಏನೂ ಬರುವುದಿಲ್ಲ. ಆದರೆ ಒಂದು ರಿಪೇರಿಗೆ ಮೂರು ನಾಲ್ಕು ತಿಂಗಳ ಸಂಬಳದ ಮೊತ್ತ ಬೀಳುವ ಯಂತ್ರವನ್ನು ಡಿಸೆಂಬರ್‌ವರೆಗೆ ಪಟ್ಟಿಯ ಹೊರಗಿಟ್ಟು, ಅದರ ಮುಂದೆ ಗೋಕಾಕದ ಹುಡುಗನನ್ನು ರಾತ್ರಿ ಶಿಫ್ಟಿಗೆ ನಿಲ್ಲಿಸುವುದು ನಮಗೆ ಸರಿಕಾಣುವುದಿಲ್ಲ.

ಊರಿಗೆ ಹಿಂತಿರುಗಿ ಪೀಣ್ಯದಲ್ಲೋ ಬೈಕಂಪಾಡಿಯಲ್ಲೋ ಬೆಳಗಾವಿಯ ಉದ್ಯಮಬಾಗಿನಲ್ಲೋ ಸ್ವಂತ ಶೆಡ್ಡು ಹಾಕುವ ಯೋಚನೆಯಲ್ಲಿರುವವರಿಗೆ ಒಂದು ವ್ಯತ್ಯಾಸ ಹೇಳಬೇಕು. ಇಲ್ಲಿ ನಮ್ಮ ಕಂಪನಿಗೆ ಎಂಡಾರ್ಸ್‌ಮೆಂಟ್ ಮೊದಲು ಬಂತು, ಡೆಬಿಟ್ ನೋಟ್ ಆಮೇಲೆ, ಹಣ ಇನ್ನೂ ಆಮೇಲೆ. ಭಾರತದಲ್ಲಿ ಆ ರೂಢಿ ನಡೆಯದು. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಮುಂಗಡವಾಗಿ ಸೇರದೆ ವಿಮಾ ಕಂಪನಿ ಅಪಾಯ ಹೊರುವಂತಿಲ್ಲ. ಅಲ್ಲಿ ಪತ್ರದ ಜೊತೆಗೇ ಪ್ರೀಮಿಯಂ ಲೆಕ್ಕ ಹಾಕಿಸಿ ಹಣವನ್ನೂ ಕಳಿಸಬೇಕು.

ನಮ್ಮ ಹುಡುಗನ ಕಥೆ ಕೇಳುವವರಿದ್ದಾರೆ. 25,000 ಬಂದದ್ದರಿಂದ ಧಣಿಯ ಕೋಪ ಒಂದು ವಾರದಲ್ಲಿ ಇಳಿಯಿತು. ಸಂಬಳದಲ್ಲಿ ಹಿಡಿಯುವ ಮಾತು ಒಮ್ಮೆ ಬಂತು, ಫೋರ್ಮನ್ ಅಣ್ಣ ಸೆಟ್ಲ್‌ಮೆಂಟ್ ಕಾಗದವನ್ನೇ ಮುಂದಿಟ್ಟು, ಬಾರದೆ ಹೋದ ಹತ್ತು ಸಾವಿರ ಹುಡುಗನ ತಪ್ಪಲ್ಲ, ನಾವು ಬರೆದ ಅಂಕಿಯ ತಪ್ಪು ಎಂದು ತೋರಿಸಿದರು. ಅಲ್ಲಿಗೆ ಮಾತು ನಿಂತಿತು. ಯಂತ್ರ 19 ದಿನ ನಿಂತದ್ದರಿಂದ ಹೋದ ಆರ್ಡರುಗಳಿಗೆ ಪಾಲಿಸಿಯಲ್ಲಿ ಏನೂ ಇರಲಿಲ್ಲ. ಅದಕ್ಕೆ ಬೇರೆಯೇ ವಿಮೆ ಬೇಕು, ನಮ್ಮಂಥ ಸಣ್ಣ ಶಾಪುಗಳು ಅದನ್ನು ತೆಗೆಯುವುದು ಕಡಿಮೆ.

ಕಳೆದ ಚಳಿಗಾಲದಲ್ಲಿ ಹೊಸ ಸ್ಕ್ರೂ ಕಂಪ್ರೆಸರ್ ಬಂತು. ಕಮಿಷನಿಂಗ್ ಮುಗಿದ ಸಂಜೆ ಅದೇ ಹುಡುಗ ಟಾರ್ಚ್ ಹಿಡಿದು ಯಂತ್ರದ ಹಿಂದೆ ನುಸುಳಿ ತಗಡಿನ ಮೇಲಿನ ನಂಬರನ್ನು ಒಂದೊಂದೇ ಅಕ್ಷರ ಕೂಗಿ ಹೇಳಿದ, ಅಕೌಂಟೆಂಟ್ ಬರೆದುಕೊಂಡರು. ಪತ್ರ ಆ ರಾತ್ರಿಯೇ ಹೋಯಿತು. ನಾಲ್ಕನೆಯ ದಿನ ಎಂಡಾರ್ಸ್‌ಮೆಂಟ್ ಬಂತು. ದಿನಾಂಕ ಸರಿ, ಮೊತ್ತ ಸರಿ. ಸೀರಿಯಲ್ ನಂಬರಿನಲ್ಲಿ 8 ಇರಬೇಕಾದ ಕಡೆ ಇಂಗ್ಲಿಷಿನ ಬಿ ಅಕ್ಷರ ಬಿದ್ದಿತ್ತು. ಹುಡುಗ ಮೊಬೈಲಿನಲ್ಲಿ ತೆಗೆದಿಟ್ಟಿದ್ದ ಫೋಟೋ ಜೊತೆಗಿಟ್ಟು ವಾಪಸು ಕಳಿಸಿದೆವು. ತಿದ್ದಿದ ಪ್ರತಿ ಮರುದಿನ ಬಂತು. ಅದನ್ನು ಈಗ ಶಾಪಿನ ಬೋರ್ಡಿನಲ್ಲಿ, ಕ್ಯಾಲೆಂಡರಿನ ಪಕ್ಕ, ಪಾಲಿಸಿಯ ಪಟ್ಟಿಯ ಕೆಳಗೆ ಹತ್ತನೆಯ ಸಾಲಾಗಿ ಅಂಟಿಸಿದ್ದೇವೆ.